ಬಾಸ್‌ಗೆ ಹಾಗೇ ಫಾರ್ವರ್ಡ್ ಮಾಡಬಹುದಾದ ಮೇಲ್ ಬರೆಯೋದು ಹೇಗೆ?

"ಗ್ರಾಹಕರ ಕಂಪನಿಯಲ್ಲಿ ಪರಿಚಯದವರೊಬ್ಬರು ನಮ್ಮ ಪರ ಇದ್ದಾರೆ. 'ಒಂದು ಮೇಲ್ ಹಾಕಿ, ಬಾಸ್‌ಗೆ ಫಾರ್ವರ್ಡ್ ಮಾಡ್ತೀನಿ' ಅಂದರು. ಏನು ಬರೆಯಲಿ?"

ಮೇಲ್ ಹೋಗೋದು ಪರಿಚಯದವರ ಹೆಸರಿಗೆ, ಓದಿ ತೀರ್ಮಾನ ಮಾಡೋದು ಬಾಸ್. ಅವರಿಗೆ ನೀವು ಯಾರೆಂದೇ ಗೊತ್ತಿಲ್ಲ. ಹಾಗಾಗಿ ಹಳೆಯ ಮೇಲ್‌ಗೆ ರಿಪ್ಲೈ ಮಾಡದೆ ಹೊಸದಾಗಿ ಶುರು ಮಾಡಿ. ಇಲ್ಲದಿದ್ದರೆ ಕೆಳಗಿರುವ ಹರಟೆ, ದರದ ಚೌಕಾಸಿ ಎಲ್ಲ ಜೊತೆಗೇ ಹೋಗುತ್ತದೆ. ಫೋನಿನಲ್ಲಿ ಎಷ್ಟೇ ಸಲುಗೆ ಇದ್ದರೂ ಇಲ್ಲಿ 'ನೀವು' ಅಂತಲೇ ಬರೆಯಿರಿ.

ನಾನು ಲೆಕ್ಕ ತಾಳೆ ನೋಡುವ ಸಾಫ್ಟ್‌ವೇರ್ ಮಾರುತ್ತಿದ್ದಾಗ ಒಮ್ಮೆ ಗ್ರಾಹಕರ ಕಂಪನಿಯ ಪರಿಚಯದ ಮೇಡಂ ಒಬ್ಬರಿಗೆ "ನೀವು ಹೇಳಿದ ಹಾಗೆ ಈಗಿನ ಎಕ್ಸೆಲ್ ಶೀಟ್ ತುಂಬಾ ತೊಡಕಿನದು" ಎಂದು ಬರೆದೆ. ಆ ಶೀಟ್ ಮಾಡಿದ್ದೇ ಅವರ ಬಾಸ್! ಪಾಪ, ಆ ಮೇಡಂ ಅದನ್ನು ಕಳಿಸೋದಾದರೂ ಹೇಗೆ? ಮೂರು ವಾರ ಮೇಲ್ ಅಲ್ಲೇ ಉಳಿಯಿತು. ಕಾರಣ ತಿಳಿದ ಮೇಲೆ ಹೀಗೆ ಬರೆದೆ:

> ವಿಷಯ: ಬ್ಯಾಂಕ್ ಲೆಕ್ಕ ತಾಳೆ – 2 ತಿಂಗಳ ಪ್ರಯೋಗಕ್ಕೆ ಒಪ್ಪಿಗೆ, 20ನೇ ತಾರೀಖಿನೊಳಗೆ
>
> ನಮಸ್ಕಾರ ಮೇಡಂ,
>
> ತಿಂಗಳ ಕೊನೆಯ ಬ್ಯಾಂಕ್ ಲೆಕ್ಕಕ್ಕೆ ನಮ್ಮ ಸಾಫ್ಟ್‌ವೇರನ್ನು 2 ತಿಂಗಳು ಬಳಸಿ ನೋಡಲು ಒಪ್ಪಿಗೆ ಕೋರುತ್ತೇವೆ. ಶುಲ್ಕವಿಲ್ಲ.
>
> ನಿಮ್ಮ ತಂಡದ ಲೆಕ್ಕದಂತೆ ಈಗ 3 ಜನರಿಗೆ ತಲಾ 2 ದಿನ ಹಿಡಿಯುತ್ತದೆ. ಕಳೆದ ತಿಂಗಳ ಸ್ಟೇಟ್‌ಮೆಂಟ್ ಹಾಕಿ ನೋಡಿದಾಗ 640 ಎಂಟ್ರಿಗಳಲ್ಲಿ 590 ತಾವಾಗಿಯೇ ತಾಳೆಯಾದವು. ಉಳಿದ 50ನ್ನು ಒಬ್ಬರು ಅರ್ಧ ದಿನದಲ್ಲಿ ಮುಗಿಸಿದರು.
>
> ಈಗಿನ ಶೀಟ್ ಹಾಗೇ ಇರುತ್ತದೆ. ಬೇಡವೆನಿಸಿದರೆ ಮರುದಿನವೇ ಅದಕ್ಕೆ ಮರಳಬಹುದು.
>
> 20ರೊಳಗೆ ಒಪ್ಪಿಗೆ ಸಿಕ್ಕರೆ ಈ ತಿಂಗಳ ಲೆಕ್ಕಕ್ಕೇ ಶುರು ಮಾಡಬಹುದು.

ಏನು ಬೇಕು ಅನ್ನೋದು ವಿಷಯದ ಸಾಲಿನಲ್ಲೇ ಇದೆ, ಅಲ್ವಾ? ಅಂಕಿಗಳು ಅವರದೇ ಲೆಕ್ಕದವು, ಆದ್ದರಿಂದ ಬಾಸ್ ತಮ್ಮವರನ್ನೇ ಕೇಳಿ ಖಚಿತ ಮಾಡಿಕೊಳ್ಳಬಹುದು. ತಾಳೆಯಾಗದ 50ನ್ನು ನಾನು ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ಬಾಸ್ ಮೊದಲು ಕೇಳುತ್ತಿದ್ದದ್ದೇ ಅದನ್ನು, ಉತ್ತರ ಹೇಳಬೇಕಾಗಿದ್ದದ್ದು ಮೇಡಂ.

ಶೀಟ್ ಬಗ್ಗೆ ಬರೆದ ಸಾಲು ನನಗೆ ಹೊಳೆದದ್ದಲ್ಲ. "ಬಾಸ್ ಮೊದಲು ಏನು ಕೇಳ್ತಾರೆ?" ಎಂದು ಮೇಡಂಗೆ ಫೋನ್ ಮಾಡಿದ್ದೆ. "ನನ್ನ ಶೀಟ್ ಏನಾಗುತ್ತೆ ಅಂತಾರೆ" ಅಂದರು. ಆ ಒಂದು ಪ್ರಶ್ನೆಗೆ ಮಾತ್ರ ಉತ್ತರ ಬರೆದೆ. ಕೇಳದೇ ಇರುವ ಹತ್ತು ಅನುಮಾನಗಳಿಗೆಲ್ಲ ಉತ್ತರ ಕೊಡಲು ಹೋದರೆ ಹೊಸ ಅನುಮಾನ ಹುಟ್ಟುತ್ತದೆ. ಮೇಡಂ ನಂಬಿಕೆಯಿಂದ ಹೇಳಿದ ಮಾತು ಅಂತ ಎಲ್ಲೂ ಬರೆಯಲಿಲ್ಲ. ಅವರಿಗೆ ಹೇಳಬೇಕಾದ ಥ್ಯಾಂಕ್ಸ್ ಬೇರೆ ಮೆಸೇಜ್‌ನಲ್ಲಿ ಹೋಯಿತು.

ಕಳಿಸುವ ಮೊದಲು ನಿಮ್ಮ ಇನ್ನೊಂದು ಐಡಿಗೆ ಫಾರ್ವರ್ಡ್ ಮಾಡಿ ಮೊಬೈಲಿನಲ್ಲಿ ಓದಿ. ಪರಿಚಯದವರು ಪದ ಬದಲಿಸಿದರೆ ಅವರ ಪದವನ್ನೇ ಇಟ್ಟುಕೊಳ್ಳಿ. ಬಾಸ್ ಹೇಗೆ ಮಾತಾಡ್ತಾರೆ ಅಂತ ಅವರಿಗೆ ಗೊತ್ತು. ಫಾರ್ವರ್ಡ್ ಮಾಡುವಾಗ ಅವರು ಮೇಲೆ ನಾಲ್ಕು ಸಾಲು ವಿವರಣೆ ಸೇರಿಸಿದ್ದು ಕಂಡರೆ, ಆ ನಾಲ್ಕು ಸಾಲು ನಿಮ್ಮ ಮೇಲ್‌ನಲ್ಲಿ ಇರಬೇಕಿತ್ತು ಅಂತ ಅರ್ಥ.