ಎ, ದಿ, ಅಥವಾ ಏನೂ ಇಲ್ಲ: ಹೇಗೆ ಆರಿಸುವುದು?

ಪ್ರಶ್ನೆ: ಕನ್ನಡದಲ್ಲಿ ಆರ್ಟಿಕಲ್ ಇಲ್ಲ. ಇಂಗ್ಲಿಷ್ ಬರೆಯುವಾಗ ಎಲ್ಲಿ 'ಎ', ಎಲ್ಲಿ 'ದಿ', ಎಲ್ಲಿ ಏನೂ ಬೇಡ ಅಂತ ಹೇಗೆ ತಿಳಿಯುವುದು?

ಉತ್ತರ: ಕೇಳುವವರ ಜಾಗದಲ್ಲಿ ನಿಂತು ನೋಡಿ. ನೀವು ಹೇಳುತ್ತಿರುವುದು ಯಾವುದು ಅಂತ ಅವರಿಗೆ ಗೊತ್ತಾಗುತ್ತದೆಯೇ? ಗೊತ್ತಾದರೆ 'ದಿ'. ಇಲ್ಲದಿದ್ದರೆ, ಎಣಿಸಬಹುದಾದ ಒಂದೇ ವಸ್ತುವಿಗೆ 'ಎ'. ಬಹುವಚನಕ್ಕೂ ಎಣಿಸಲಾಗದ್ದಕ್ಕೂ ಏನೂ ಬೇಡ.

ಈ ಭೇದ ನಮಗೆ ಹೊಸದೇನಲ್ಲ. "ಪುಸ್ತಕ ತಂದೆ" ಅಂದರೆ ಯಾವುದೋ ಪುಸ್ತಕ. "ಪುಸ್ತಕವನ್ನು ತಂದೆ" ಅಂದರೆ ಸಾಮಾನ್ಯವಾಗಿ ಇಬ್ಬರಿಗೂ ಗೊತ್ತಿರುವ ಪುಸ್ತಕ, ಅಲ್ವಾ? ಆದರೆ ಇದು ಬರೀ ಸುಳಿವು. ಜನರ ವಿಷಯಕ್ಕೆ 'ಅನ್ನು' ಹೇಗೂ ಬರುತ್ತದೆ, ಅಲ್ಲಿ ಇದನ್ನು ನಂಬಬೇಡಿ.

ಹಾಲಿನ ಉದಾಹರಣೆ ನೋಡಿ. "ಐ ಬಾಟ್ ಮಿಲ್ಕ್." ಹಾಲನ್ನು ಎಣಿಸಲಾಗದು, ಯಾವ ಹಾಲು ಅಂತಲೂ ಕೇಳುವವರಿಗೆ ಗೊತ್ತಿಲ್ಲ. ಹಾಗಾಗಿ ಏನೂ ಇಲ್ಲ. "ದಿ ಮಿಲ್ಕ್ ವಾಸ್ ಸವರ್." ಈಗ ಗೊತ್ತು, ನಾನು ತಂದ ಅದೇ ಹಾಲು.

ಮೊದಲ ಸಲ 'ಎ', ಎರಡನೇ ಸಲ 'ದಿ' ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದು ಪೂರ್ತಿ ಸರಿಯಲ್ಲ. "ಕ್ಲೋಸ್ ದಿ ಡೋರ್" ಅನ್ನುವಾಗ ಬಾಗಿಲಿನ ಮಾತು ಮೊದಲೇ ಬಂದಿರಬೇಕಿಲ್ಲ, ಅದು ಎದುರಿಗೇ ಇದೆ.

ನಾವು ಜಾಸ್ತಿ ಎಡವುವುದು ಸಾಮಾನ್ಯ ಮಾತುಗಳಲ್ಲಿ. "ದಿ ಲೈಫ್ ಈಸ್ ಹಾರ್ಡ್" ತಪ್ಪು, ಎಲ್ಲರ ಬದುಕಿನ ಮಾತಾದ್ದರಿಂದ "ಲೈಫ್ ಈಸ್ ಹಾರ್ಡ್" ಸಾಕು. ರೈತರ ಬದುಕು ಅಂತ ಗುರುತಿಸಿದರೆ ಮಾತ್ರ "ದಿ ಲೈಫ್ ಆಫ್ ಎ ಫಾರ್ಮರ್". 'ಅಡ್ವೈಸ್', 'ಫರ್ನಿಚರ್' ಕೂಡ ಇಂಗ್ಲಿಷಿನಲ್ಲಿ ಎಣಿಸುವ ಪದಗಳಲ್ಲ. ನಾವು "ಒಂದು ಸಲಹೆ" ಅಂದರೂ ಅಲ್ಲಿ "ಎನ್ ಅಡ್ವೈಸ್" ಆಗದು.