ಜೊತೆ ಬೇಕಾಗಿದೆಯೋ, ಅವನೇ ಬೇಕಾಗಿದ್ದಾನೋ?

ಪ್ರಶ್ನೆ: ಅಕ್ಟೋಬರ್‌ನಲ್ಲಿ ಮಾಸ್ಟರ್ಸ್ ಓದೋಕೆ ಡ್ರೆಸ್ಡೆನ್‌ಗೆ ಬಂದೆ. ನನ್ನ ಕೋರ್ಸಿನಲ್ಲೇ ಇಂದೋರಿನ ಒಬ್ಬ ಹುಡುಗ ಇದ್ದಾನೆ. ಮೂರೇ ತಿಂಗಳಲ್ಲಿ ತುಂಬಾ ಹತ್ತಿರ ಆಗಿಬಿಟ್ಟಿದ್ದೇವೆ. ಅಡುಗೆ, ಊಟ, ಓದು ಎಲ್ಲ ಒಟ್ಟಿಗೆ. ಕ್ರಿಸ್‌ಮಸ್ ರಜೆಯಲ್ಲಿ ಇಷ್ಟ ಅಂತ ಹೇಳಿದ. ಏಪ್ರಿಲ್‌ನಿಂದ ಒಂದೇ ಮನೆ ಮಾಡೋಣ ಅಂತಾನೆ. ನನಗೂ ಇಷ್ಟಾನೇ. ಆದರೆ ಇದು ನಿಜವಾದ ಪ್ರೀತಿನಾ, ಬರೀ ಒಂಟಿತನನಾ?

ಉತ್ತರ:

ನಾನು ಜರ್ಮನಿಯಲ್ಲೇ ಓದಿ, ಇಲ್ಲೇ ಕೆಲಸಕ್ಕೆ ಸೇರಿದವಳು. ನಿಮ್ಮ ಹಾಗೆ ಚಳಿಗಾಲದ ಸೆಮಿಸ್ಟರ್‌ಗೆ ಬಂದ ತುಂಬಾ ಜನರನ್ನು ನೋಡಿದ್ದೇನೆ.

"ಮೂರೇ ತಿಂಗಳು" ಅನ್ನೋ ಚಿಂತೆ ಬಿಡಿ. ಜೆಫ್ರಿ ಹಾಲ್ ಅನ್ನೋ ಅಮೆರಿಕದ ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಸ ಊರಿಗೆ ಬಂದವರು ಮತ್ತು ಹೊಸದಾಗಿ ಕಾಲೇಜು ಸೇರಿದವರು ಯಾರ ಜೊತೆ ಎಷ್ಟು ಹೊತ್ತು ಕಳೆದರು, ಎಷ್ಟು ಹತ್ತಿರವಾದರು ಅಂತ ನೋಡಿದರು. ಆಪ್ತ ಸ್ನೇಹಕ್ಕೆ ಸುಮಾರು 200 ಗಂಟೆ ಬೇಕು ಅನ್ನೋದು ಅವರ ಲೆಕ್ಕ. ಕ್ಲಾಸಿನಲ್ಲಿ ಪಕ್ಕ ಕೂತ ಹೊತ್ತಿಗಿಂತ ಸುಮ್ನೆ ಹರಟಿದ, ಒಟ್ಟಿಗೆ ಉಂಡ ಹೊತ್ತಿಗೆ ಅದರಲ್ಲಿ ಬೆಲೆ ಜಾಸ್ತಿ. ನೀವಿಬ್ಬರೂ ದಿನಾ ಸಂಜೆ ಮೂರು ಗಂಟೆ ಒಟ್ಟಿಗಿದ್ದೀರಿ ಅಂದರೂ ಡಿಸೆಂಬರ್ ಮುಗಿಯೋ ಹೊತ್ತಿಗೆ 200 ದಾಟಿರುತ್ತೆ. ಬೆಂಗಳೂರಿನಲ್ಲಿ ಮನೆಯಿಂದ ಕಾಲೇಜಿಗೆ ಓಡಾಡಿಕೊಂಡು ಇಷ್ಟು ಗಂಟೆ ಒಬ್ಬರ ಜೊತೆ ಕಳೆಯೋಕೆ ಎರಡು ವರ್ಷ ಹಿಡಿಯಬಹುದು. ಬೇಗ ಹತ್ತಿರವಾದದ್ದಕ್ಕೇ ಇದು ಸುಳ್ಳು ಅಂತ ಆಗಲ್ಲ. ನಿಜ ಅಂತಲೂ ಆಗಲ್ಲ.

ಇಲ್ಲಿನ ಚಳಿಗಾಲದ ಪಾತ್ರವನ್ನೂ ನೋಡಬೇಕು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದಕ್ಕೆ ಹೋದಾಗ ಊರಿಗೂ ಇಲ್ಲಿಗೂ ಇರೋ ಅಂತರ ನಾಲ್ಕೂವರೆ ಗಂಟೆ ಆಗುತ್ತೆ. ಡಿಸೆಂಬರ್‌ನಲ್ಲಿ ನಾಲ್ಕಕ್ಕೆಲ್ಲ ಕತ್ತಲೆ. ನೀವು ಲೈಬ್ರರಿಯಿಂದ ರೂಮಿಗೆ ಬಂದು ಅಮ್ಮನಿಗೆ ಫೋನ್ ಮಾಡೋಣ ಅನ್ನೋ ಹೊತ್ತಿಗೆ ಅಲ್ಲಿ ರಾತ್ರಿ ಹನ್ನೊಂದು. ಸಂಜೆ ಏಳರ ಮೇಲೆ, ಅಂದರೆ ಮನಸ್ಸು ಜಾಸ್ತಿ ಭಾರವಾಗೋ ಹೊತ್ತಲ್ಲಿ, ನಿಮ್ಮ ಭಾಷೆ ಅಥವಾ ಹಿಂದಿ ಗೊತ್ತಿದ್ದು ಎಚ್ಚರ ಇರೋ ವ್ಯಕ್ತಿ ಅವನೊಬ್ಬನೇ. ಭಾನುವಾರ ಅಂಗಡಿಯೂ ಮುಚ್ಚಿರುತ್ತೆ. ಕ್ರಿಸ್‌ಮಸ್‌ಗೆ ಜರ್ಮನ್ ಹುಡುಗರೆಲ್ಲ ಮನೆಗೆ ಹೋಗಿ ಹಾಸ್ಟೆಲ್ ಖಾಲಿ. ಅವನು ಆ ರಜೆಯಲ್ಲೇ ಹೇಳಿದ್ದು ನನಗೆ ಆಶ್ಚರ್ಯ ಅನ್ನಿಸಲಿಲ್ಲ. ಅದರಲ್ಲಿ ಮೋಸ ಇದೆ ಅಂತಲೂ ಅನ್ನಿಸಲಿಲ್ಲ.

ಕೂತು ಎಷ್ಟು ಯೋಚಿಸಿದರೂ ಇದಕ್ಕೆ ಉತ್ತರ ಸಿಗೋದು ಕಷ್ಟ, ಯಾಕೆಂದರೆ ಈಗ ಪ್ರೀತಿ, ಒಂಟಿತನ ಎರಡೂ ಬೆರೆತಿವೆ. ರಾಬರ್ಟ್ ವೈಸ್ ಅನ್ನೋ ಸಮಾಜಶಾಸ್ತ್ರಜ್ಞರು 1970ರ ದಶಕದಲ್ಲೇ ಒಂಟಿತನದಲ್ಲಿ ಎರಡು ಬಗೆ ಇದೆ ಅಂದಿದ್ದರು. ಒಂದು, ನಾಲ್ಕು ಜನರ ಬಳಗ ಇಲ್ಲದ ಒಂಟಿತನ. ಇನ್ನೊಂದು, ತನ್ನವರು ಅನ್ನೋ ಒಬ್ಬರು ಇಲ್ಲದ ಒಂಟಿತನ. ಗಂಡನ ಕೆಲಸಕ್ಕಾಗಿ ದೂರದ ಊರಿಂದ ಬಾಸ್ಟನ್ ಕಡೆಗೆ ಬಂದ ಹೆಂಗಸರನ್ನು ಅವರು ಮಾತಾಡಿಸಿದ್ದರು. ಸಂಸಾರ ಚೆನ್ನಾಗಿತ್ತು, ಆದರೂ ಬಳಗ ಇಲ್ಲದೆ ಒದ್ದಾಡುತ್ತಿದ್ದರು. ಒಂದರ ಕೊರತೆಯನ್ನು ಇನ್ನೊಂದು ತುಂಬಲ್ಲ ಅನ್ನೋದು ವೈಸ್ ಕಂಡುಕೊಂಡದ್ದು. ನಿಮ್ಮ ವಿಷಯದಲ್ಲಿ ಈಗ ಒಬ್ಬನೇ ಹುಡುಗ ಬಳಗದ ಕೆಲಸವನ್ನೂ ಮಾಡ್ತಿದ್ದಾನೆ, ತನ್ನವನು ಅನ್ನೋ ಕೆಲಸವನ್ನೂ ಮಾಡ್ತಿದ್ದಾನೆ. ಬಳಗದ ಭಾರವನ್ನು ಅವನ ಮೇಲಿಂದ ಇಳಿಸಿ ನೋಡಿ. ಆಮೇಲೆ ಏನು ಉಳಿಯುತ್ತೆ ಅನ್ನೋದು ತಾನಾಗೇ ಕಾಣುತ್ತೆ.

ಇದನ್ನು ನಾನು ಹತ್ತಿರದಿಂದ ನೋಡಿದ್ದು ನನ್ನ ಜೊತೆ ಫ್ಲ್ಯಾಟ್ ಹಂಚಿಕೊಂಡಿದ್ದ ಶಿವಮೊಗ್ಗ ಕಡೆಯ ಹುಡುಗಿಯ ವಿಷಯದಲ್ಲಿ. ಅವಳದೂ ನಿಮ್ಮದೇ ಕಥೆ, ಹುಡುಗ ನಾಗಪುರದವನು. ಜನವರಿಯಲ್ಲಿ ಅವಳು ಯೂನಿವರ್ಸಿಟಿಯ ವಾಲಿಬಾಲ್ ಗುಂಪಿಗೆ ಸೇರಿದಳು, ಸಂಜೆ ಜರ್ಮನ್ ಕ್ಲಾಸಿಗೆ ಹೋಗತೊಡಗಿದಳು. ಮೊದಮೊದಲು ಅವನಿಗಾಗಿ ಕಾಯೋದು ಕಡಿಮೆಯಾಯಿತು. "ಅಯ್ಯೋ, ಬರೀ ಒಂಟಿತನ ಆಗಿತ್ತಾ ಹಾಗಾದ್ರೆ?" ಅಂತ ಅವಳಿಗೇ ಬೇಜಾರು. ಮಾರ್ಚ್ ಹೊತ್ತಿಗೆ ಬೇರೆಯದು ಶುರುವಾಯಿತು. ನಮ್ಮ ಅಡುಗೆಮನೆಯಲ್ಲಿ ಆರೇಳು ಜನ ಸೇರಿ ನಗ್ತಾ ಇದ್ದರೂ, ಒಂದು ಒಳ್ಳೆ ಸುದ್ದಿ ಬಂದರೆ ಅವಳು ಫೋನ್ ಹಿಡಿದು ಬಾಲ್ಕನಿಗೆ ಹೋಗ್ತಿದ್ದಳು. ಅವನಿಗೇ ಹೇಳಬೇಕು, ಬೇರೆ ಯಾರಿಗೆ ಹೇಳಿದರೂ ಹೇಳಿದ ಹಾಗೆ ಆಗಲ್ಲ. ಹೊತ್ತು ಹೋಗದಿದ್ದಾಗ ಯಾರಾದರೂ ಸಾಕು ಅನ್ನಿಸುತ್ತೆ. ಖುಷಿಯಾದಾಗ ಹಾಗಲ್ಲ, ಅಲ್ವಾ?

ಅದೇ ಹೊತ್ತಿಗೆ ಅವನು ಆರು ತಿಂಗಳ ಇಂಟರ್ನ್‌ಶಿಪ್‌ಗೆ ಸ್ಟುಟ್‌ಗಾರ್ಟ್‌ಗೆ ಹೋದ. ಅಲ್ಲಿ ಅವನಿಗೆ ಕ್ರಿಕೆಟ್ ಆಡೋ ಗೆಳೆಯರು ಸಿಕ್ಕರು. ದಿನಕ್ಕೆ ಎರಡು ಸಲ ಬರ್ತಿದ್ದ ಫೋನು ವಾರಕ್ಕೆ ಒಂದಾಯಿತು. ಮಾತಿನಲ್ಲೂ ವೀಸಾ, ಪರೀಕ್ಷೆ, ಬಾಡಿಗೆ ಬಿಟ್ಟರೆ ಹೊಸದೇನೂ ಇರಲಿಲ್ಲ. ಅವಳದ್ದು ಗಟ್ಟಿಯಾಗುವ ಹೊತ್ತಲ್ಲಿ ಅವನದ್ದು ಕರಗಿತು. "ಅವನು ಆಟ ಆಡಿದ" ಅಂತ ನಮ್ಮ ಗೆಳತಿಯರೆಲ್ಲ ಬೈದರು. ನಾನು ಹಾಗೆ ಅನ್ನಲ್ಲ. ಡಿಸೆಂಬರ್‌ನಲ್ಲಿ ಅವನು ಹೇಳಿದ್ದು ಆ ಹೊತ್ತಿಗೆ ನಿಜವೇ ಇತ್ತು.

ನೀವು ನಿಮ್ಮ ಮನಸ್ಸನ್ನಷ್ಟೇ ಅಳೆಯೋಕೆ ಹೊರಟಿದ್ದೀರಿ. ಇಬ್ಬರೂ ಒಂದೇ ಥರ ಒಂಟಿಯಾಗಿರ್ತಾರೆ ಅಂತೇನಿಲ್ಲ. ಒಬ್ಬರಿಗೆ ಬಳಗ ಬೇಕಿರುತ್ತೆ, ಇನ್ನೊಬ್ಬರಿಗೆ ತನ್ನವರು ಅನ್ನೋ ಒಬ್ಬರು. ದಿನಾ ಒಟ್ಟಿಗೆ ಅನ್ನ ಸಾರು ಉಣ್ಣುವಾಗ ಆ ವ್ಯತ್ಯಾಸ ಗೊತ್ತೇ ಆಗಲ್ಲ. ಅವನ ಮಾತು ಗಮನಿಸಿ. ನಿಮ್ಮ ತಂಗಿಯ ಹೆಸರು, ನೀವು ಬಿಟ್ಟುಬಂದ ಕೆಲಸ, ನಿಮಗೆ ಸಿಟ್ಟು ಬರೋ ವಿಷಯ, ಇವುಗಳ ಬಗ್ಗೆ ಅವನು ತಾನಾಗಿ ಕೇಳ್ತಾನಾ? ನೀವು ಅವನ ಬಗ್ಗೆ ಕೇಳ್ತೀರಾ? ಜರ್ಮನಿಯ ಕಷ್ಟ ಬಿಟ್ಟು ಒಂದು ಸಂಜೆ ಪೂರ್ತಿ ಮಾತಾಡೋಕೆ ಆಗುತ್ತಾ?

ಇನ್ನು ಏಪ್ರಿಲ್ ಮನೆ ವಿಷಯ. ಅದಕ್ಕೆ ಮಾತ್ರ ಈಗ ಬೇಡ ಅಂತ ಖಡಾಖಂಡಿತ ಹೇಳ್ತೀನಿ. ನೀತಿ ಹೇಳೋಕಲ್ಲ. ಬಾಡಿಗೆ ಕರಾರಿಗೆ ಇಬ್ಬರೂ ಸಹಿ ಹಾಕಿದರೆ ಇಲ್ಲಿ ಪೂರ್ತಿ ಬಾಡಿಗೆಗೆ ಇಬ್ಬರೂ ಹೊಣೆ. ಅವನು ಕೊಡದಿದ್ದರೆ ಮಾಲೀಕ ನಿಮ್ಮನ್ನೇ ಕೇಳಬಹುದು. ಬಿಡಬೇಕೆಂದರೂ ಒಬ್ಬರೇ ನೋಟಿಸ್ ಕೊಟ್ಟು ಹೊರಬರೋಕೆ ಆಗಲ್ಲ, ಇಬ್ಬರೂ ಕೊಡಬೇಕು. ಸಾಮಾನ್ಯ ಕರಾರಿನಲ್ಲಿ ಮೂರು ತಿಂಗಳು ಮೊದಲೇ ಕೊಡಬೇಕು. ವೀಸಾಗೆಂದು ಮೊದಲೇ ಹಣ ಇಟ್ಟ ಬ್ಲಾಕ್ಡ್ ಅಕೌಂಟಿನಿಂದ ತಿಂಗಳು ತಿಂಗಳು ಇಷ್ಟೇ ಅಂತ ಹಣ ಬರೋವಾಗ ಮನಸ್ತಾಪದ ಮೇಲೆ ಆ ಹೊರೆಯೂ ಬೀಳುತ್ತೆ. ಹಾಸ್ಟೆಲ್ ರೂಮು ಬಿಟ್ಟರೆ ಮತ್ತೆ ಸಿಗೋಕೆ ಎಷ್ಟು ಕಾಯಬೇಕು ಅನ್ನೋದು ನಿಮಗೇ ಗೊತ್ತು.

ಹಾಗಂತ ಅವನಿಂದ ದೂರ ಹೋಗಿ ಪರೀಕ್ಷೆ ಮಾಡಬೇಡಿ. ಚಳಿಗಾಲದ ಮಧ್ಯೆ ಇದ್ದ ಒಬ್ಬ ಗೆಳೆಯನನ್ನೂ ದೂರ ಮಾಡಿಕೊಂಡರೆ ಒಂಟಿತನ ಹೆಚ್ಚಾಗುತ್ತೆ, ಏನೂ ಸ್ಪಷ್ಟವಾಗಲ್ಲ. ಅವನ ಜೊತೆ ಊಟ ಇರಲಿ, ವಾರದಲ್ಲಿ ಎರಡು ಸಂಜೆ ಬೇರೆ ಕಡೆ ಹೋಗಿ. ಅವನಿಗೂ ಹಾಗೇ ಹೇಳಿ. ನಿಮ್ಮ ಮನಸ್ಸಿನಲ್ಲಿರೋದನ್ನೂ ನೇರವಾಗಿ ಹೇಳಿಬಿಡಿ: "ನನಗೂ ನೀನಂದ್ರೆ ಇಷ್ಟ. ಆದರೆ ಇಬ್ಬರಿಗೂ ಇಲ್ಲಿ ಬೇರೆ ಯಾರೂ ಇಲ್ಲ. ಅದೆಷ್ಟು, ಇದೆಷ್ಟು ಅಂತ ಗೊತ್ತಾಗ್ತಿಲ್ಲ. ಬೇಸಿಗೆ ಸೆಮಿಸ್ಟರ್ ಮುಗಿಯಲಿ, ಆಮೇಲೆ ಮನೆ ಮಾತು." ಇದನ್ನು ಕೇಳಿ ಅವನು ಮುನಿಸಿಕೊಂಡು ಒತ್ತಾಯ ಮಾಡಿದರೆ ಅವನಿಗೆ ಈಗ ಬೇಕಾಗಿರೋದು ಜೊತೆ ಅನ್ನೋದೇ ನನ್ನ ಅನುಮಾನ. "ನನಗೂ ಅದೇ ಭಯ" ಅಂದರೆ ಜುಲೈವರೆಗೆ ಕಾಯೋದು ಇಬ್ಬರಿಗೂ ಅಷ್ಟೇನೂ ಕಷ್ಟ ಆಗಲ್ಲ. ಏಪ್ರಿಲ್ ಮೇಲೆ ಇಲ್ಲಿ ರಾತ್ರಿ ಎಂಟರವರೆಗೂ ಬೆಳಕಿರುತ್ತೆ, ಜನರೂ ಹೊರಗೆ ಬರ್ತಾರೆ.

ಸಂಜೆಯಾದರೆ ಅಳು ಬರೋದು, ನಿದ್ದೆ ಇಲ್ಲದಿರೋದು ಇದ್ದರೆ ಅದು ಅವನೊಬ್ಬನಿಂದ ಸರಿಯಾಗಲ್ಲ. ವಿದ್ಯಾರ್ಥಿಗಳ ಹಾಸ್ಟೆಲ್, ಊಟ ನೋಡಿಕೊಳ್ಳೋ ನಿಮ್ಮ ಊರಿನ ಷ್ಟುಡೆಂಟನ್‌ವೆರ್ಕ್‌ನಲ್ಲಿ ಆಪ್ತಸಮಾಲೋಚನೆ ಇದೆಯಾ ನೋಡಿ, ಹೆಚ್ಚಿನ ಊರುಗಳಲ್ಲಿ ಇರುತ್ತೆ. ಇಂಗ್ಲಿಷ್‌ನಲ್ಲಿ ಮಾತಾಡೋರು ಬೇಕು ಅಂತ ಮೊದಲ ಮೇಲ್‌ನಲ್ಲೇ ಬರೆಯಿರಿ.