ಓಟಿಪಿ ಬರುತ್ತೆ, ದುಡ್ಡು ಕಟ್ ಆದ ಮೆಸೇಜ್ ಮಾತ್ರ ಬರಲ್ಲ

ಪ್ರಶ್ನೆ: ಮೊಬೈಲ್ ನಂಬರ್ ಬದಲಾಯಿಸಿ ಎರಡು ತಿಂಗಳಾಯ್ತು. ಬ್ಯಾಂಕಿಗೂ ಹೇಳಿದ್ದೇನೆ. ಓಟಿಪಿ ಹೊಸ ನಂಬರಿಗೇ ಬರುತ್ತೆ. ಆದರೆ ದುಡ್ಡು ಕಟ್ ಆದಾಗ ಮೆಸೇಜ್ ಬರಲ್ಲ. ಸಿಮ್ ಕಂಪನಿಗೆ ದೂರು ಕೊಡಬೇಕಾ?

ಬೇಡ. ಓಟಿಪಿ ಬರುತ್ತಿದೆ ಅಂದ ಮೇಲೆ ಸಿಮ್ ಸರಿಯಾಗಿಯೇ ಇದೆ. ಡಿಎನ್‌ಡಿ ಹಾಕಿಸಿದ್ದರೂ ಬ್ಯಾಂಕಿನ ವ್ಯವಹಾರದ ಮೆಸೇಜ್ ನಿಲ್ಲುವುದಿಲ್ಲ. ನಾನೂ ಹೀಗೇ ಒಂದು ವಾರ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕಾಲ ಕಳೆದವನು.

ನನಗೆ ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ. ಒಂದು ಕಾಲೇಜಿನಲ್ಲಿದ್ದಾಗ ಊರಿನ ಶಾಖೆಯಲ್ಲಿ ತೆಗೆದದ್ದು, ಕನಿಷ್ಠ ಶಿಲ್ಕು ಬೇಡದ ಖಾತೆ. ಇನ್ನೊಂದು ಸಂಬಳದ್ದು. ಬೈಕ್ ಸಾಲದ ಕಂತು ₹9,850 ಪ್ರತಿ ತಿಂಗಳು 5ನೇ ತಾರೀಕು ಹಳೇ ಖಾತೆಯಿಂದ ತಾನಾಗಿ ಹೋಗುತ್ತಿತ್ತು. ನಾನು 3ನೇ ತಾರೀಕು ಅಷ್ಟೇ ದುಡ್ಡು ಅದಕ್ಕೆ ಹಾಕುತ್ತಿದ್ದೆ.

ನಂಬರ್ ಬದಲಾದಾಗ ಸಂಬಳದ ಖಾತೆಯ ಶಾಖೆಗೆ ಹೋಗಿ ಅರ್ಜಿ ಕೊಟ್ಟೆ. ಮಾರನೇ ದಿನ ನೆಟ್ ಬ್ಯಾಂಕಿಂಗ್ ತೆರೆದೆ, ಓಟಿಪಿ ಹೊಸ ನಂಬರಿಗೆ ಬಂತು. ಕೆಲಸ ಮುಗಿಯಿತು ಅಂದುಕೊಂಡೆ. ನಾನು ಮಾಡಿದ ತಪ್ಪು ಇದೇ. ಬ್ಯಾಂಕು ನಂಬರನ್ನು ಬರೆದಿಡುವುದು ಕಸ್ಟಮರ್ ಐಡಿಯ ಮೇಲೆ. ಪಾಸ್‌ಬುಕ್‌ನ ಮೊದಲ ಪುಟದಲ್ಲಿ ಸಿಐಎಫ್ ಅಂತ ಇರುತ್ತಲ್ಲ, ಅದು. ನನ್ನ ಎರಡು ಖಾತೆಗೆ ಎರಡು ಬೇರೆ ಐಡಿ ಇದ್ದವು. ಅರ್ಜಿಯಲ್ಲಿ ನಾನು ಬರೆದದ್ದು ಸಂಬಳದ ಖಾತೆಯ ಸಂಖ್ಯೆ ಒಂದನ್ನೇ. ನಂಬರ್ ಬದಲಾದದ್ದೂ ಆ ಐಡಿಗೆ ಮಾತ್ರ. ಓಟಿಪಿ ಬಂದದ್ದೂ ಅದರಿಂದಲೇ. ಹಳೇ ಖಾತೆಯ ಮೆಸೇಜುಗಳು ನಾನು ರೀಚಾರ್ಜ್ ಮಾಡದೆ ಬಿಟ್ಟಿದ್ದ ನಂಬರಿಗೇ ಹೋಗುತ್ತಿದ್ದವು. ಓಟಿಪಿ ಬಂದರೆ ಎಲ್ಲ ಕಡೆ ನಂಬರ್ ಬದಲಾಗಿದೆ ಅಂತ ಅರ್ಥ ಅಲ್ಲ.

ಆ ತಿಂಗಳು ಹಳೇ ಖಾತೆಯಲ್ಲಿ ₹150 ಇತ್ತು. ₹9,850 ಹಾಕಿದೆ, ₹10,000 ಆಯಿತು. 4ನೇ ತಾರೀಕು ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ ₹236 ಕಟ್ ಆಯಿತು. 5ಕ್ಕೆ ಕಂತು ಬಂದಾಗ ₹86 ಕಡಿಮೆ ಬಿದ್ದು ವಾಪಸ್ ಹೋಯಿತು. ಬ್ಯಾಂಕು ₹500 ಮತ್ತು ಜಿಎಸ್‌ಟಿ ₹90 ಹಿಡಿಯಿತು. ಸಾಲ ಕೊಟ್ಟವರ ಹತ್ತಿರವೂ ಹಳೇ ನಂಬರೇ ಇತ್ತು. ಹಾಗಾಗಿ ಅವರ ಫೋನೂ ನನಗೆ ಬರಲಿಲ್ಲ. ಎರಡು ತಿಂಗಳ ಮೇಲೆ ಊರಿಗೆ ಹೋದಾಗ ಪಾಸ್‌ಬುಕ್ ಎಂಟ್ರಿ ಹಾಕಿಸಿದೆ. ಮೆಷಿನ್ನಿಂದ ಹೊರಬಂದ ಪುಟದಲ್ಲಿ 236, ಅದರ ಕೆಳಗೆ 590. ಕೌಂಟರ್ ಮುಂದೆ ಅಲ್ಲೇ ನಿಂತು ಓದಿದೆ. ಅಷ್ಟರಲ್ಲಿ ಬಾಕಿ ಕಂತಿನ ಮೇಲೆ ದಂಡವೂ ಬೆಳೆದಿತ್ತು.

ನೀವು ಶಾಖೆಗೇ ಹೋಗಿ, ಎಲ್ಲ ಪಾಸ್‌ಬುಕ್ ತಗೊಂಡು. ‘ನಂಬರ್ ಅಪ್‌ಡೇಟ್ ಆಗಿದೆಯಾ’ ಅಂತ ಕೇಳಬೇಡಿ. ಆಗಿದೆ ಅಂತಲೇ ಹೇಳುತ್ತಾರೆ. ನನ್ನ ಹೆಸರಿನಲ್ಲಿ ಎಷ್ಟು ಕಸ್ಟಮರ್ ಐಡಿ ಇವೆ, ಒಂದೊಂದರಲ್ಲೂ ಯಾವ ನಂಬರ್ ಇದೆ ಅಂತ ಕೇಳಿ. ಎರಡಿದ್ದರೆ ಒಂದಾಗಿಸಲು ಅರ್ಜಿ ಕೊಡಿ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್ ಜೊತೆ ಸೇರಿತಲ್ಲ, ಎರಡರಲ್ಲೂ ಖಾತೆ ಇದ್ದವರು ಇದನ್ನು ತಪ್ಪದೆ ಕೇಳಬೇಕು. ಜಂಟಿ ಖಾತೆ ಆದರೆ ಮೆಸೇಜ್ ಇನ್ನೊಬ್ಬರ ನಂಬರಿಗೆ ಹೋಗುತ್ತಿದೆಯಾ ಅಂತಲೂ ನೋಡಿಸಿ.

ಐಡಿ ಒಂದೇ ಇದ್ದು ನಂಬರೂ ಸರಿ ಇದ್ದರೆ, ಈ ಖಾತೆಗೆ ಎಸ್‌ಎಂಎಸ್ ಅಲರ್ಟ್ ಆನ್ ಇದೆಯಾ, ಎಷ್ಟು ರೂಪಾಯಿ ಮೇಲೆ ಬರುತ್ತೆ ಅಂತ ಕೇಳಿ. ಕೆಲವು ಬ್ಯಾಂಕಿನ ನೆಟ್ ಬ್ಯಾಂಕಿಂಗ್‌ನಲ್ಲಿ ಇದನ್ನು ನೀವೇ ನೋಡಬಹುದು. ನಂಬರ್ ಒಂದು ಕಡೆ ಇರುತ್ತೆ, ಅಲರ್ಟ್ ಇನ್ನೊಂದು ಕಡೆ. ಅಲ್ಲಿ ಪ್ರತಿ ಖಾತೆಯ ಎದುರು ಟಿಕ್ ಇದೆಯಾ ನೋಡಿ.

ಎಲ್ಲ ಆದ ಮೇಲೆ ಒಂದು ರೂಪಾಯಿ ಕಳಿಸಿ ಪರೀಕ್ಷೆ ಮಾಡಬೇಡಿ. ಉದಾಹರಣೆಗೆ ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಜೂನ್ 25ರಿಂದ ₹100ಕ್ಕಿಂತ ಕಡಿಮೆ ಯುಪಿಐ ಪಾವತಿಗೆ ಎಸ್‌ಎಂಎಸ್ ಕಳಿಸುವುದನ್ನೇ ನಿಲ್ಲಿಸಿತು. ಮೆಸೇಜ್ ಬರದಿದ್ದರೆ ಸುಮ್ನೆ ಗಾಬರಿ ಆಗುತ್ತೆ. ನಾನು ಹಳೇ ಖಾತೆಯ ನಂಬರನ್ನೂ ಬದಲಾಯಿಸಿ, ಊರು ಬಿಟ್ಟು ಬರುವ ಮೊದಲೇ ಆ ಖಾತೆಯಿಂದ ಎಟಿಎಂನಲ್ಲಿ ₹1,000 ತೆಗೆದೆ. ನೋಟು ಎಣಿಸುತ್ತಿರುವಾಗಲೇ ಫೋನ್ ಸದ್ದು ಮಾಡಿತು. ಆಮೇಲೆ ಅಲ್ಲಿಂದಲೇ ಸಾಲದ ಕಂಪನಿಗೆ ಫೋನ್ ಮಾಡಿ ಅವರ ಹತ್ತಿರವೂ ನಂಬರ್ ಬದಲಾಯಿಸಿದೆ.